ಟ್ರಿಮ್, ರೈಟ್ ಆಂಪ್ಲಿಫಿಕೇಶನ್, ಓವರ್‌ಪ್ರಾವಿಶನಿಂಗ್: ನಾಸ್‌ನಲ್ಲಿರುವ ಎಸ್‌ಎಸ್‌ಡಿಯ ಲೆಕ್ಕ

ಉಡುಪಿಯ ಒಂದು ಆಡಿಟರ್ ಆಫೀಸನ್ನು ಊಹಿಸಿಕೊಳ್ಳಿ. 1 ಟಿಬಿಯ ಎರಡು ಎಸ್‌ಎಸ್‌ಡಿಗಳನ್ನು ಮಿರರ್ ಮಾಡಿದ ಸಣ್ಣ ಲಿನಕ್ಸ್ ಸರ್ವರ್, ಅಂದರೆ ಆಫೀಸಿನ ನಾಸ್, ಅದರಲ್ಲಿ ಗಿರಾಕಿಗಳ ಲೆಕ್ಕದ ಡೇಟಾಬೇಸ್. ಮೊದಲೆಲ್ಲ ಚುರುಕಾಗಿದ್ದದ್ದು ಈಗ ರಿಟರ್ನ್ಸ್ ಸಲ್ಲಿಸುವ ಸಮಯದಲ್ಲಿ ತಡವರಿಸುತ್ತದೆ. ಹಳೆಯ ಬ್ಯಾಕಪ್‌ಗಳನ್ನು ಅಳಿಸಿ ಅರ್ಧ ಡಿಸ್ಕ್ ಖಾಲಿ ಮಾಡಿದರೂ ವೇಗ ಮರಳುವುದಿಲ್ಲ. ಏಕೆಂದರೆ ಅಳಿಸಿದ ಸಂಗತಿ ಫೈಲ್‌ಸಿಸ್ಟಮ್‌ಗೆ ಮಾತ್ರ ಗೊತ್ತು, ಎಸ್‌ಎಸ್‌ಡಿಗೆ ಗೊತ್ತಿಲ್ಲ.

ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಪೇಜ್ ಲೆಕ್ಕದಲ್ಲಿ, ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ. ಒಂದು ಬ್ಲಾಕ್‌ನಲ್ಲಿ 256 ಪೇಜ್ ಇದೆ ಎಂದಿಟ್ಟುಕೊಳ್ಳೋಣ. ಬರೆದ ಪೇಜಿನ ಮೇಲೆ ಮತ್ತೆ ಬರೆಯಲು ಬರುವುದಿಲ್ಲ, ಇಡೀ ಬ್ಲಾಕ್ ಅಳಿಸಬೇಕು. ಹಾಗಾಗಿ ಜಾಗ ಬೇಕಾದಾಗ ಡ್ರೈವ್‌ನೊಳಗಿನ ಕಂಟ್ರೋಲರ್ ಒಂದು ಬ್ಲಾಕ್ ಆರಿಸಿ, ಅದರಲ್ಲಿ ಬಳಕೆಯಲ್ಲಿರುವ ಪೇಜ್‌ಗಳನ್ನು ಬೇರೆಡೆಗೆ ನಕಲು ಮಾಡಿ, ಆಮೇಲೆ ಅಳಿಸುತ್ತದೆ. ಅದರಲ್ಲಿ 200 ಪೇಜ್ ಬಳಕೆಯಲ್ಲಿದ್ದರೆ ಹೊಸದಾಗಿ ಸಿಗುವುದು 56 ಮಾತ್ರ. ನಿಮ್ಮ 56 ಪೇಜ್ ಬರೆಯಲು ಫ್ಲ್ಯಾಶ್ ಮೇಲೆ ಒಟ್ಟು 256 ಪೇಜ್ ಬರೆಯಬೇಕಾಯಿತು. 256 ಭಾಗಿಸು 56, ಅಂದರೆ ಸುಮಾರು 4.6. ಇದೇ ರೈಟ್ ಆಂಪ್ಲಿಫಿಕೇಶನ್. ಡ್ರೈವ್ ನಿಧಾನವಾಗುವುದೂ ಬೇಗ ಸವೆಯುವುದೂ ಇದರಿಂದಲೇ.

ಆ 200ರಲ್ಲಿ 100 ಪೇಜ್ ನೀವು ಆಗಲೇ ಅಳಿಸಿದ ಬ್ಯಾಕಪ್‌ಗೆ ಸೇರಿದ್ದಿರಬಹುದು. ‘ಇವು ಇನ್ನು ಬೇಡ’ ಎಂದು ಫೈಲ್‌ಸಿಸ್ಟಮ್ ಡ್ರೈವ್‌ಗೆ ಕಳಿಸುವ ಸೂಚನೆಯೇ ಟ್ರಿಮ್. ಅದು ತಲುಪಿದರೆ ನಕಲು ಮಾಡಬೇಕಾದದ್ದು 100 ಪೇಜ್, ಸಿಗುವ ಜಾಗ 156. ಅನುಪಾತ 4.6ರಿಂದ 1.64ಕ್ಕೆ ಇಳಿಯಿತು.

ಲ್ಯಾಪ್‌ಟಾಪ್‌ನಲ್ಲಿ ಟ್ರಿಮ್ ಸಾಮಾನ್ಯವಾಗಿ ತಾನಾಗಿಯೇ ನಡೆಯುತ್ತದೆ. ನಾಸ್‌ನಲ್ಲಿ ಫೈಲ್‌ಸಿಸ್ಟಮ್‌ಗೂ ಡ್ರೈವ್‌ಗೂ ನಡುವೆ ಹಲವು ಪದರಗಳಿರುತ್ತವೆ, ಯಾವುದಾದರೂ ಒಂದು ತಡೆದರೂ ಸೂಚನೆ ಅಲ್ಲೇ ನಿಲ್ಲುತ್ತದೆ. ಮೊದಲು ಇದನ್ನು ನೋಡಿ:

```
lsblk --discard
sudo fstrim -av
```

`DISC-GRAN`, `DISC-MAX` ಕಾಲಮ್‌ಗಳಲ್ಲಿ ಡ್ರೈವ್‌ನ ಸಾಲಿಗೆ ಸಂಖ್ಯೆ ಇದ್ದು ಅದರ ಕೆಳಗಿನ ಸಾಲಿಗೆ 0 ಬಂದರೆ, ತಡೆ ಆ ಪದರದಲ್ಲಿದೆ. ಡ್ರೈವ್‌ನ ಸಾಲೇ 0 ಆಗಿದ್ದರೆ ಯುಎಸ್‌ಬಿ ಕೇಸ್ ಅಥವಾ ರೇಡ್ ಕಾರ್ಡನ್ನು ಅನುಮಾನಿಸಿ. ಲಕ್ಸ್ ಎನ್‌ಕ್ರಿಪ್ಶನ್ ತಾನಾಗಿ ಟ್ರಿಮ್ ಬಿಡುವುದಿಲ್ಲ, ಯಾವ ಜಾಗ ಖಾಲಿ ಎಂಬುದು ಹೊರಗೆ ಕಾಣುತ್ತದೆ ಎಂಬ ಕಾರಣಕ್ಕೆ. ಅದು ಪರವಾಗಿಲ್ಲ ಎನ್ನುವವರು `/etc/crypttab`ನಲ್ಲಿ `discard` ಸೇರಿಸಬಹುದು. ಝಡ್‌ಎಫ್‌ಎಸ್ ಬಳಸುವವರಿಗೆ `fstrim` ಅನ್ವಯಿಸದು. ಅಲ್ಲಿ `zpool trim` ಓಡಿಸಿ, `zpool status -t`ನಲ್ಲಿ ಫಲ ನೋಡಬೇಕು. ಎಕ್ಸ್‌ಟಿ4ನಂಥವಕ್ಕೆ ವಾರಕ್ಕೊಮ್ಮೆ ನಡೆಯುವ `fstrim.timer` ಸಾಕು. ಪ್ರತಿ ಅಳಿಸುವಿಕೆಗೂ ಟ್ರಿಮ್ ಕಳಿಸುವ `discard` ಮೌಂಟ್ ಆಯ್ಕೆ ಆಫೀಸಿನ ಸರ್ವರ್‌ಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ತಡೆ ತೆಗೆಯಲು ಆಗದಿದ್ದರೆ ಓವರ್‌ಪ್ರಾವಿಶನಿಂಗ್ ಕೈಹಿಡಿಯುತ್ತದೆ. ಅಂದರೆ ಡ್ರೈವ್‌ನ ಒಂದು ಪಾಲನ್ನು ಯಾರೂ ಬರೆಯದಂತೆ ಬಿಡುವುದು. 1000 ಜಿಬಿಯಲ್ಲಿ 880 ಜಿಬಿಗೆ ಮಾತ್ರ ಪಾರ್ಟಿಷನ್ ಮಾಡಿ, 120 ಜಿಬಿ ಹಾಗೇ ಬಿಡಿ. ಕಾರ್ಖಾನೆಯಲ್ಲೇ ಮೀಸಲಿಟ್ಟ ಜಾಗಕ್ಕೆ ಇದೂ ಸೇರಿ, ಪ್ರತಿ ಬ್ಲಾಕ್‌ನಲ್ಲಿ ಬಳಕೆಯ ಪೇಜ್‌ಗಳು ಸರಾಸರಿ ಕಡಿಮೆಯಾಗುತ್ತವೆ. ಸದಾ ತುಂಬಿರುವ ಎಸ್‌ಎಸ್‌ಡಿ ಕ್ಯಾಶ್‌ಗೂ ಇದೇ ಮದ್ದು, ಅಲ್ಲಿ ಟ್ರಿಮ್ ಮಾಡಲು ಖಾಲಿ ಜಾಗವೇ ಇರುವುದಿಲ್ಲ.

ಇಲ್ಲಿ ಹಲವರು ಎಡವುತ್ತಾರೆ. ಬಳಸಿದ ಡ್ರೈವ್‌ನಲ್ಲಿ ಪಾರ್ಟಿಷನ್ ಚಿಕ್ಕದು ಮಾಡಿದ ಮಾತ್ರಕ್ಕೆ ಪ್ರಯೋಜನವಿಲ್ಲ. ಆ 120 ಜಿಬಿಯಲ್ಲಿ ಹಿಂದೆ ಬರೆದದ್ದನ್ನು ಕಂಟ್ರೋಲರ್ ಇನ್ನೂ ಜೋಪಾನ ಮಾಡುತ್ತಲೇ ಇರುತ್ತದೆ. ಈಗಿನ ಮಿರರ್‌ಗೆ ಚಿಕ್ಕ ಪಾರ್ಟಿಷನ್ ಜೋಡಿಸಲೂ ಬರುವುದಿಲ್ಲ. ಬ್ಯಾಕಪ್ ತೆಗೆದು ಪರೀಕ್ಷಿಸಿ, ಡ್ರೈವ್‌ಗಳನ್ನು ಟ್ರಿಮ್ ತಲುಪುವ ನೇರ ಸಾಟಾ ಪೋರ್ಟ್‌ಗೆ ಹಾಕಿ, `blkdiscard` ಓಡಿಸಿ, ಆಮೇಲೆ 880 ಜಿಬಿಯ ಪಾರ್ಟಿಷನ್‌ಗಳಿಂದ ಮಿರರ್ ಹೊಸದಾಗಿ ಕಟ್ಟಬೇಕು. `blkdiscard` ಡ್ರೈವ್‌ನಲ್ಲಿ ಇದ್ದದ್ದನ್ನೆಲ್ಲ ಕಳೆಯುತ್ತದೆ, ಆದ್ದರಿಂದ ಡ್ರೈವ್‌ನ ಸೀರಿಯಲ್ ನಂಬರ್ ಎರಡು ಸಲ ನೋಡಿಕೊಳ್ಳಿ.

ಫಲ ಅಳೆಯಲು ಕೆಲವು ಡ್ರೈವ್‌ಗಳಲ್ಲಿ ದಾರಿಯಿದೆ. ಕ್ರೂಷಿಯಲ್ ಎಂಎಕ್ಸ್500ರಲ್ಲಿ `smartctl -A` ಕೊಡುವ 247ನೇ ಸಾಲು ನೀವು ಬರೆಸಿದ ಪೇಜ್‌ಗಳು, 248ನೆಯದು ಕಂಟ್ರೋಲರ್ ತಾನಾಗಿ ಬರೆದವು. ಒಂದು ವಾರದ ಅಂತರದಲ್ಲಿ ಎರಡು ಸಲ ಓದಿ, ಏರಿಕೆಯನ್ನಷ್ಟೇ ತೆಗೆದುಕೊಳ್ಳಿ. 247ರ ಏರಿಕೆ 10 ಲಕ್ಷ, 248ರದ್ದು 30 ಲಕ್ಷ ಆದರೆ, ಒಟ್ಟು 40 ಲಕ್ಷ ಭಾಗಿಸು 10 ಲಕ್ಷ, ಆಂಪ್ಲಿಫಿಕೇಶನ್ 4.

ಟ್ರಿಮ್, ಓವರ್‌ಪ್ರಾವಿಶನಿಂಗ್ ಎರಡರ ಕೈಗೂ ಸಿಗದ ಒಂದು ಪಾಲು ಉಳಿಯುತ್ತದೆ. ಡೇಟಾಬೇಸ್ ಪ್ರತಿ ಎಂಟ್ರಿಯನ್ನೂ ತಕ್ಷಣ ಫ್ಲ್ಯಾಶ್‌ಗೆ ಬರೆಯಿಸಿದಾಗ, ಅರ್ಧ ತುಂಬಿದ ಪೇಜ್‌ಗಳೂ ಪೂರ್ತಿ ಪೇಜಿನಷ್ಟೇ ಜಾಗ ತಿನ್ನುತ್ತವೆ. ಅದಕ್ಕೆ ಬೇಕಾದದ್ದು ಕರೆಂಟು ಹೋದಾಗ ಕಾಪಾಡುವ ಕೆಪಾಸಿಟರ್ ಇರುವ ಸರ್ವರ್ ದರ್ಜೆಯ ಎಸ್‌ಎಸ್‌ಡಿ. ಅಂಥದ್ದು ಎಂಟ್ರಿಗಳನ್ನು ತನ್ನ ಮೆಮೊರಿಯಲ್ಲೇ ಸೇರಿಸಿಟ್ಟು, ಪೇಜ್ ತುಂಬಿದ ಮೇಲೆ ಬರೆಯಬಲ್ಲದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಮಾಮೂಲು, ಹಾಗಾಗಿ ಡೇಟಾಬೇಸ್ ಇರುವ ಸರ್ವರ್‌ಗೆ ಯುಪಿಎಸ್ ಜೊತೆಗೆ ಇಂಥ ಡ್ರೈವನ್ನೇ ಹಾಕಿ.