ಚಂದ್ರ ನಡುಗಿದ ಅನ್ನೋ ಮುಂಚೆ

2023ರ ಆಗಸ್ಟ್ 31ರಂದು ಇಸ್ರೋ ಒಂದು ಪುಟ್ಟ ಸುದ್ದಿ ಕೊಟ್ಟಿತು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್‌ನಲ್ಲಿದ್ದ ನೆಲದ ಅಲುಗಾಟ ಅಳೆಯುವ ಇಲ್ಸಾ ಎಂಬ ಉಪಕರಣ ಆಗಸ್ಟ್ 26ರಂದು ಒಂದು ಘಟನೆಯನ್ನು ದಾಖಲಿಸಿದೆ. ಅದು ಸಹಜವಾದದ್ದು ಎಂಬಂತೆ ಕಾಣುತ್ತಿದೆ. ಮೂಲ ಯಾವುದೆಂದು ಪರಿಶೀಲನೆ ನಡೆಯುತ್ತಿದೆ. ಆ ಘಟನೆಯ ಬಗ್ಗೆ ಹೇಳಿದ್ದು ಇಷ್ಟೇ. ಜೊತೆಗೆ ಎರಡು ಗ್ರಾಫ್‌ಗಳಿದ್ದವು. ಒಂದರಲ್ಲಿ ಹಿಂದಿನ ದಿನ ರೋವರ್ ಓಡಾಡಿದಾಗ ಆದ ಅಲುಗಾಟ, ಇನ್ನೊಂದರಲ್ಲಿ ಈ ಹೊಸದು.

ಆ ಸಂಜೆ ಒಂದು ಕನ್ನಡ ಸುದ್ದಿ ತಂಡ ಇದರ ಮೇಲೆ ಐದು ನಿಮಿಷದ ವಿವರಣಾ ವಿಡಿಯೊ ಮಾಡಿದೆ ಅಂದುಕೊಳ್ಳಿ. ಎಡಿಟಿಂಗ್ ಮುಗಿದಿದೆ. ಯೂಟ್ಯೂಬಿಗೆ ಹಾಕುವಾಗ ತುಂಬಬೇಕಾದ ಖಾನೆಗಳು ಎದುರಿಗಿವೆ: ಶೀರ್ಷಿಕೆ, ವಿವರಣೆ, ಥಂಬ್‌ನೇಲ್, ಟ್ಯಾಗ್. ಇವನ್ನೇ ಮೆಟಾಡೇಟಾ ಅನ್ನುವುದು. ಸಾಮಾನ್ಯವಾಗಿ ಇದು ಕೊನೆಯ ಐದು ನಿಮಿಷದಲ್ಲಿ, ಯಾರ ಕೈ ಖಾಲಿ ಇದೆಯೋ ಅವರು ಮಾಡಿ ಮುಗಿಸುವ ಕೆಲಸ. ಆದರೆ ಒಂದು ವಿಷಯ ಗಮನಿಸಿ. ವಿಡಿಯೊ ಒಮ್ಮೆ ಹೋಯಿತೆಂದರೆ ಹೋಯಿತು. ಅದೇ ಲಿಂಕ್ ಇಟ್ಟುಕೊಂಡು ಬೇರೆ ಫೈಲ್ ಹಾಕಲು ಯೂಟ್ಯೂಬ್ ಬಿಡುವುದಿಲ್ಲ, ಕತ್ತರಿಸುವಂಥ ಸಣ್ಣಪುಟ್ಟ ಬದಲಾವಣೆಗೆ ಮಾತ್ರ ಬಿಡುತ್ತದೆ. ಸುದ್ದಿ ಮುಂದೆ ಬದಲಾದರೆ ತಿದ್ದಲು ಉಳಿಯುವುದು ಈ ಖಾನೆಗಳು ಮಾತ್ರ.

ಶೀರ್ಷಿಕೆಯಿಂದ ಶುರು ಮಾಡೋಣ. ಕೈಗೆ ಮೊದಲು ಬರುವುದು ‘ಚಂದ್ರನಲ್ಲಿ ಭೂಕಂಪ!’. ಜನ ಹುಡುಕುವುದೂ ಹಾಗೇ, ಕ್ಲಿಕ್ ಬೀಳುವುದೂ ಹಾಗೇ. ಆದರೆ ಇಸ್ರೋ ಈ ಘಟನೆಯನ್ನು ಕಂಪ ಅಂತ ಕರೆದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಉಪಕರಣದ ಒಳಗೆ ಸ್ವಲ್ಪ ಇಣುಕಬೇಕು. ಇಲ್ಸಾದಲ್ಲಿರುವುದು ಆರು ಸೂಕ್ಷ್ಮ ವೇಗೋತ್ಕರ್ಷ ಮಾಪಕಗಳು. ಪ್ರತಿಯೊಂದರಲ್ಲೂ ಸಿಲಿಕಾನ್‌ನಲ್ಲಿ ಕೊರೆದ ಪುಟಾಣಿ ಸ್ಪ್ರಿಂಗು, ಅದರ ತುದಿಗೊಂದು ತೂಕ. ನೆಲ ಅಲುಗಿದರೆ ಸ್ಪ್ರಿಂಗ್ ಬಾಗುತ್ತದೆ, ಆ ಬಾಗು ವಿದ್ಯುತ್ ಸಂಕೇತವಾಗಿ ಹೊರಬರುತ್ತದೆ. ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ ತಯಾರಾದ ಉಪಕರಣವಿದು. ನೆಲ ಅಲುಗಿತು ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. ಯಾಕೆ ಅಲುಗಿತು ಅನ್ನುವುದನ್ನು ಹೇಳಲಾರದು. ಚಂದ್ರನ ಒಳಗಿನ ಕಂಪವಿರಬಹುದು, ಎಲ್ಲೋ ಉಲ್ಕೆ ಬಿದ್ದಿರಬಹುದು, ಬಿಸಿಲಿಗೆ ಕಲ್ಲು ಬಿರಿದಿರಬಹುದು. ಕೊನೆಗೆ ಲ್ಯಾಂಡರೇ ಕಾದು ಹಿಗ್ಗಿ ಕಿರುಗುಟ್ಟಿರಬಹುದು. ಹಲವು ಕಡೆ ಉಪಕರಣಗಳಿದ್ದರೆ ಅಲೆ ಯಾವುದಕ್ಕೆ ಮೊದಲು ಮುಟ್ಟಿತು ಅಂತ ನೋಡಿ ಮೂಲವನ್ನು ಪತ್ತೆ ಮಾಡಬಹುದು. ಇಲ್ಲಿದ್ದದ್ದು ಒಂದೇ.

ಕಿರುಗುಟ್ಟುವ ಮಾತು ಸುಮ್ನೆ ಹೇಳಿದ್ದಲ್ಲ. ಅಪೊಲೊ 17 ಇಟ್ಟುಬಂದ ಉಪಕರಣಗಳು 1976–77ರಲ್ಲಿ ದಾಖಲಿಸಿದ್ದನ್ನು ವಿಜ್ಞಾನಿಗಳು ಈಚೆಗೆ ಮತ್ತೆ ಜಾಲಾಡಿದರು. ಚಂದ್ರನ ಬೆಳಗಾದಾಗಲೆಲ್ಲ ಬರುತ್ತಿದ್ದ ಒಂದು ಬಗೆಯ ಕಂಪನ ಅಲ್ಲೇ ನಿಂತಿದ್ದ ಲ್ಯಾಂಡರ್‌ನ ಬುಡದಿಂದ ಬರುತ್ತಿತ್ತು ಅಂತ ಆಗ ಗೊತ್ತಾಯಿತು. ಆ ಲೇಖನ ಪ್ರಕಟವಾದದ್ದು 2023ರ ಸೆಪ್ಟೆಂಬರಿನಲ್ಲಿ, ನಮ್ಮ ವಿಡಿಯೊ ಹೋದ ಕೆಲವೇ ದಿನಗಳ ನಂತರ.

ಹಾಗಾದರೆ ‘ಚಂದ್ರ ನಡುಗಿದನೇ?’ ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ? ನನಗೆ ಇದು ಹಿಡಿಸುವುದಿಲ್ಲ. ಓದಿದವರ ತಲೆಯಲ್ಲಿ ನಡುಕ ಉಳಿಯುತ್ತದೆ, ಚಿಹ್ನೆ ಉದುರಿಹೋಗುತ್ತದೆ. ವಿಜ್ಞಾನಿಗಳು ನಿಜಕ್ಕೂ ಕೇಳುತ್ತಿದ್ದ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಬಹುದಲ್ವಾ? ‘ಚಂದ್ರಯಾನ-3 ಗ್ರಹಿಸಿದ ಕಂಪನ ಎಲ್ಲಿಂದ ಬಂತು? ಈವರೆಗೆ ಗೊತ್ತಿರುವುದು’. ಕಂಪನ ಗ್ರಹಿಸಿದ್ದು ಖಚಿತ, ಮೂಲ ತಿಳಿಯದ್ದೂ ಖಚಿತ. ಎರಡೂ ಇದರಲ್ಲಿ ಬಂತು.

ಉದ್ದದ ಲೆಕ್ಕವನ್ನೂ ನೋಡಬೇಕು. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದೆ. ಕನ್ನಡದಲ್ಲಿ ಇದು ಬೇಗ ತುಂಬುತ್ತದೆ. ಕಣ್ಣಿಗೆ ಎರಡೇ ಅಕ್ಷರದಂತೆ ಕಾಣುವ ‘ಚಂದ್ರ’ ಯೂನಿಕೋಡ್ ಲೆಕ್ಕದಲ್ಲಿ ಐದು, ಏಕೆಂದರೆ ಸೊನ್ನೆಯೂ ಒತ್ತಿನ ತುಂಡುಗಳೂ ಬೇರೆ ಬೇರೆ ಎಣಿಕೆಗೆ ಬರುತ್ತವೆ. ಮೇಲಿನ ಶೀರ್ಷಿಕೆ ಆ ಲೆಕ್ಕದಲ್ಲಿ 58. ಮಿತಿಯೊಳಗೇ ಇದೆ, ಆದರೂ ಫೋನಿನಲ್ಲಿ ಬಾಲ ಕತ್ತರಿಸಿಹೋಗಬಹುದು. ಅದಕ್ಕೇ ‘ಚಂದ್ರಯಾನ-3’ ಮೊದಲು ಬಂದಿದೆ. ಬಾಲ ಹೋದರೂ ಉಳಿದದ್ದು ಸುಳ್ಳಾಗುವುದಿಲ್ಲ. ‘ಚಂದ್ರಕಂಪ ಎಂದು ಇನ್ನೂ ಖಚಿತವಾಗಿಲ್ಲ’ ಅಂತ ಬರೆದಿದ್ದರೆ? ಕತ್ತರಿಯ ನಂತರ ಉಳಿಯುತ್ತಿದ್ದದ್ದು ‘ಚಂದ್ರಕಂಪ ಎಂದು...’. ಅನುಮಾನದ ಮಾತನ್ನು ಕೊನೆಗೆ ಇಡುವುದು ಕನ್ನಡ ವಾಕ್ಯದ ಸ್ವಭಾವ. ಶೀರ್ಷಿಕೆಯಲ್ಲಿ ಅದೇ ಅಪಾಯ.

‘ಮೊದಲ’ ಅನ್ನುವ ಪದದ ಮೇಲೂ ಒಂದು ಕಣ್ಣಿರಲಿ. ಚಂದ್ರನ ಕಂಪನಗಳನ್ನು ಅಪೊಲೊ ಕಾಲದಲ್ಲೇ ಅಳೆದಿದ್ದಾರೆ. ಇಲ್ಸಾ ಮೊದಲನೆಯದಾಗಿರುವುದು ಅದರಲ್ಲಿರುವ ಸಿಲಿಕಾನ್ ತಂತ್ರಜ್ಞಾನಕ್ಕೆ, ಅಂದರೆ ಮೆಮ್ಸ್ ಎಂಬ ಈ ತಂತ್ರಜ್ಞಾನದ ಉಪಕರಣಗಳಲ್ಲಿ ಚಂದ್ರನ ಮೇಲಿಳಿದ ಮೊದಲನೆಯದು ಅನ್ನುವ ಕಾರಣಕ್ಕೆ. ಶೀರ್ಷಿಕೆಯಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ, ಹಾಗಾಗಿ ‘ಮೊದಲ’ ವಿವರಣೆಗೆ ಹೋಗಲಿ.

ವಿವರಣೆಗೆ 5000 ಅಕ್ಷರಗಳ ಜಾಗವಿದೆ. ಆದರೆ ‘ಇನ್ನಷ್ಟು’ ಒತ್ತುವ ಮುಂಚೆ ಕಾಣುವುದು ಮೊದಲ ಒಂದೆರಡು ಸಾಲು. ಅಲ್ಲಿ ‘ನಮಸ್ಕಾರ ವೀಕ್ಷಕರೇ’ ಅಂತ ಜಾಗ ಹಾಳು ಮಾಡಬಾರದು. ‘ಆಗಸ್ಟ್ 26ರಂದು ದಾಖಲಾದ ಈ ಕಂಪನವನ್ನು ಇಸ್ರೋ ಆಗಸ್ಟ್ 31ರಂದು ಪ್ರಕಟಿಸಿತು. ಇದು ಚಂದ್ರಕಂಪವೇ ಎಂಬುದು ಆ ದಿನದವರೆಗೆ ಖಚಿತವಾಗಿಲ್ಲ’ ಅಂದರೆ ಸಾಕು. ಹುಡುಕುವವರ ಪದವೂ ಬಂತು, ಉತ್ತರವೂ ಬಂತು. ‘ನಿನ್ನೆ’, ‘ಇಂದು’, ‘ಇದೀಗ’ ಬೇಡ. ನೋಡುವವರು ಮುಂದಿನ ವರ್ಷ ಬಂದರೆ ಯಾವ ನಿನ್ನೆ? ಶೀರ್ಷಿಕೆಯಲ್ಲಿ ನಾವೇ ಬರೆದ ‘ಈವರೆಗೆ’ಗೂ ಅರ್ಥ ಬರುವುದು ಈ ತಾರೀಖಿನಿಂದ.

ತಾರೀಖು ಇನ್ನೊಂದು ಕಡೆಯೂ ಬೇಕು. ಅದೇ ವಿಡಿಯೊವನ್ನು ತಂಡ ತನ್ನ ಜಾಲತಾಣದಲ್ಲೂ ಹಾಕಿದರೆ, ಗೂಗಲ್ ಓದಿಕೊಳ್ಳಲು ಪುಟದೊಳಗೆ ಇಡುವ ವಿಡಿಯೊ ಮಾಹಿತಿಯಲ್ಲಿ ಈ ಸಾಲೂ ಇರಬೇಕಾಗುತ್ತದೆ.

```json
"uploadDate": "2023-08-31T21:30:00+05:30"
```

ಕೊನೆಯ `+05:30` ಭಾರತದ ಸಮಯ ಅನ್ನುವುದಕ್ಕೆ. ಅದನ್ನು ಬಿಟ್ಟರೆ ಗೂಗಲ್ ತನ್ನ ಬಾಟ್‌ನ ಸಮಯ ವಲಯವನ್ನೇ ಹಿಡಿಯುತ್ತದೆ, ತಾರೀಖು ಒಂದು ದಿನ ಆಚೀಚೆ ಆಗಬಹುದು. ಹಳೇ ವಿಡಿಯೊ ಹೊಸದಾಗಿ ಕಾಣಲಿ ಅಂತ ಈ ಸಾಲಿಗೆ ಇವತ್ತಿನ ತಾರೀಖು ಹಾಕುವವರೂ ಇದ್ದಾರೆ. ಸುದ್ದಿಯಲ್ಲಿ ಅದು ಶುದ್ಧ ಮೋಸ.

ಥಂಬ್‌ನೇಲಿನಲ್ಲಿ ಬಿರುಕುಬಿಟ್ಟ ಚಂದ್ರನನ್ನು ಹಾಕಿದರೆ ಇಷ್ಟೆಲ್ಲ ಎಚ್ಚರಿಕೆ ನೀರುಪಾಲು. ಇಸ್ರೋ ಕೊಟ್ಟ ಗ್ರಾಫನ್ನೇ ದೊಡ್ಡದು ಮಾಡಿ ಹಾಕಬಹುದು. ಟ್ಯಾಗ್‌ಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹುಡುಕಾಟದಲ್ಲಿ ಅವುಗಳ ಪಾತ್ರ ಕಡಿಮೆ ಅಂತ ಯೂಟ್ಯೂಬೇ ಹೇಳುತ್ತದೆ. ಜನ ತಪ್ಪಾಗಿ ಟೈಪ್ ಮಾಡುವ ರೂಪಗಳನ್ನು ಹಾಕಿ ಮುಂದೆ ಹೋಗಿ.

ಇನ್ನು 2024ಕ್ಕೆ ಬನ್ನಿ. ಇಲ್ಸಾ ತಂಡ ತನ್ನ ವಿಶ್ಲೇಷಣೆಯನ್ನು ಇಕಾರಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿತು. ಸುಮಾರು 190 ಗಂಟೆಗಳ ದಾಖಲೆಯಲ್ಲಿ 250ಕ್ಕೂ ಹೆಚ್ಚು ಸಂಕೇತಗಳು ಸಿಕ್ಕಿದ್ದವು. ಸುಮಾರು 200 ರೋವರ್ ಓಡಾಟ, ಉಪಕರಣಗಳ ಚಾಲನೆಯಂಥ ಗೊತ್ತಿರುವ ಕಾರಣಗಳಿಂದ ಬಂದವು. ಸುಮಾರು 50ಕ್ಕೆ ಅಂಥ ಕಾರಣ ಸಿಗಲಿಲ್ಲ. ಮತ್ತೆ ಅದೇ ಆಸೆ ಬರುತ್ತದೆ: ‘50 ಚಂದ್ರಕಂಪ ಪತ್ತೆ!’. ಕಾರಣ ಸಿಗದ್ದೆಲ್ಲ ಕಂಪವಾಗುವುದಿಲ್ಲ.

ನಮ್ಮ ಹಳೇ ವಿಡಿಯೊಗೆ ಈಗ ಏನು ಮಾಡಬೇಕು? ಶೀರ್ಷಿಕೆ ಇನ್ನೂ ಸರಿಯಾಗಿದೆ, ಮುಟ್ಟುವುದು ಬೇಡ. ವಿವರಣೆಯ ತಲೆಯ ಮೇಲೆ ತಾರೀಖಿನ ಸಮೇತ ಒಂದು ಸಾಲು ಸೇರಿಸಿದರೆ ಆಯಿತು: ‘ಹೊಸ ಮಾಹಿತಿ: 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಇಂಥ ಸುಮಾರು 50 ಸಂಕೇತಗಳಿಗೆ ಗೊತ್ತಿರುವ ಕಾರಣ ಸಿಕ್ಕಿಲ್ಲ’. ಹಳೆಯ ಸಾಲನ್ನು ಅಳಿಸದೆ ಕೆಳಗೆ ಹಾಗೇ ಬಿಡಬೇಕು. ವಿಡಿಯೊದಲ್ಲಿ ನಿರೂಪಕಿ ಇನ್ನೂ ಆಗಸ್ಟ್ 31ರ ಮಾತನ್ನೇ ಆಡುತ್ತಿರುತ್ತಾಳಲ್ಲ.