ಮಬ್ರೂರ್, ಮಶ್ಕೂರ್, ಮಗ್ಫೂರ್: ಅರಬ್ಬಿ ಪ್ರಾಸ ಇಂಗ್ಲಿಷಿನಲ್ಲಿ ಏಕೆ ನಿಲ್ಲುವುದಿಲ್ಲ?

ಹಜ್ ಮುಗಿಸಿ ಬಂದವರಿಗೆ ಅರಬ್ಬರು ಹೀಗೆ ಹಾರೈಸುತ್ತಾರೆ: 'ಹಜ್ ಮಬ್ರೂರ್, ವ ಸಅಯ್ ಮಶ್ಕೂರ್, ವ ಝಂಬ್ ಮಗ್ಫೂರ್.' ನಿಮ್ಮ ಹಜ್ ಸ್ವೀಕಾರವಾಗಲಿ, ಪಟ್ಟ ಶ್ರಮಕ್ಕೆ ಫಲ ಸಿಗಲಿ, ಪಾಪ ಕ್ಷಮೆಯಾಗಲಿ ಎಂದು ಅರ್ಥ. 'ವ' ಅಂದರೆ 'ಮತ್ತು'. ಅದನ್ನು ಬಿಟ್ಟರೆ ಉಳಿಯುವುದು ಎರಡೆರಡು ಪದಗಳ ಮೂರು ತುಂಡು. ಪದ್ಯವಲ್ಲ, ಆದರೆ ಬರೀ ಗದ್ಯವೂ ಅಲ್ಲ. ಇದಕ್ಕೆ ಅರಬ್ಬಿಯಲ್ಲಿ 'ಸಜಅ' ಎನ್ನುತ್ತಾರೆ. ಪಾರಿವಾಳದ ಗುಟುರಿಗೂ ಇದೇ ಹೆಸರು.

ಅರಬ್ಬಿಯಲ್ಲಿ ಇಂಥ ಪ್ರಾಸ ಸುಲಭವಾಗಿ ಸಿಗುತ್ತದೆ. ಅಲ್ಲಿ ಪದ ಹುಟ್ಟುವುದು ಅಚ್ಚಿನಲ್ಲಿ. ಮೂರು ವ್ಯಂಜನಗಳ ಮೂಲವನ್ನು ಒಂದು ಅಚ್ಚಿಗೆ ಹಾಕಿದರೆ 'ಹಾಗೆ ಮಾಡಲ್ಪಟ್ಟದ್ದು' ಎಂಬ ಅರ್ಥದ ಪದ ಬರುತ್ತದೆ. ಶ-ಕ-ರ ಹಾಕಿದರೆ ಮಶ್ಕೂರ್, ಗ-ಫ-ರ ಹಾಕಿದರೆ ಮಗ್ಫೂರ್. ತೂಕವೂ ಒಂದೇ, ಕೊನೆಯೂ ಒಂದೇ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತಿತ್ತು. ಸಜಅ ಕೂರುವುದು ತುಂಡಿನ ಕೊನೆಯಲ್ಲಿ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆ ಇದೆಯಲ್ಲ, ಆ ಓಟ ಇದಕ್ಕೆ ಹತ್ತಿರ.

ಇಸ್ಲಾಮಿಗೂ ಮೊದಲು ಹೀಗೆ ಮಾತಾಡುತ್ತಿದ್ದವರು ಕಾಹಿನರು, ಅಂದರೆ ಕಣಿ ಹೇಳುವವರು. ಪ್ರಾಸ ಕೇಳಿದರೆ ಆಚೆ ಲೋಕದ ಮಾತು ಎಂದು ಜನ ನಂಬುತ್ತಿದ್ದರು. ಹಾಗಾಗಿ ಅದಕ್ಕೆ ಒಂದು ಅನುಮಾನವೂ ಅಂಟಿಕೊಂಡಿತು. ಪ್ರವಾದಿಯ ನಡೆನುಡಿಗಳನ್ನು ದಾಖಲಿಸಿದ ಹದೀಸಿನಲ್ಲಿ ಒಂದು ವ್ಯಾಜ್ಯ ಬರುತ್ತದೆ. ಇಬ್ಬರು ಹೆಂಗಸರ ಜಗಳದಲ್ಲಿ ಒಬ್ಬಳ ಹೊಟ್ಟೆಯಲ್ಲಿದ್ದ ಮಗು ಸತ್ತಿತು. ಪರಿಹಾರ ಕೊಡಬೇಕೆಂದು ಪ್ರವಾದಿ ತೀರ್ಪು ಕೊಟ್ಟರು. ಕೊಡಬೇಕಾದ ಕಡೆಯವನು, ಕುಡಿಯದ, ತಿನ್ನದ, ಮಾತಾಡದ, ಅಳದ ಜೀವಕ್ಕೆ ನಾನೇಕೆ ಕೊಡಲಿ ಎಂದು ಪ್ರಾಸ ಕಟ್ಟಿ ವಾದಿಸಿದ. ಇದೇನು, ಕಾಹಿನರ ಸಜಅದಂಥ ಸಜಅವೇ ಎಂದು ಪ್ರವಾದಿ ಗದರಿದರು. ಸಜಅವೇ ತಪ್ಪೋ, ಅದರಿಂದ ನ್ಯಾಯ ತಪ್ಪಿಸಲು ನೋಡಿದ್ದು ತಪ್ಪೋ ಎಂದು ಪಂಡಿತರು ಆಮೇಲೆ ಬಹಳ ಚರ್ಚಿಸಿದರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಕುರಾನಿನ ಚಿಕ್ಕ ಸೂರಾಗಳಲ್ಲೇ ಈ ಲಯ ಕೇಳಿಸುತ್ತದಲ್ಲ!

10ನೇ ಶತಮಾನದ ಹೊತ್ತಿಗೆ ಮಸೀದಿಯಲ್ಲಿ ಮಾಡುವ ಖುತ್ಬಾ ಎಂಬ ಪ್ರವಚನ, ಆಸ್ಥಾನದ ಪತ್ರ, ಅಭಿನಂದನೆ ಎಲ್ಲದರಲ್ಲೂ ಸಜಅ ತುಂಬಿತ್ತು. ಹುಚ್ಚು ಎಷ್ಟಿತ್ತು ಎನ್ನುವುದಕ್ಕೆ ಒಂದು ಕತೆ ಹೇಳುತ್ತಾರೆ. ಬುವೈಹಿ ದೊರೆಗಳ ವಜೀರ ಸಾಹಿಬ್ ಇಬ್ನ್ ಅಬ್ಬಾದ್ ಇರಾನಿನ ಕುಮ್ ಊರಿನ ಕಾಜಿಗೆ ಬರೆದನಂತೆ: 'ಅಯ್ಯುಹಲ್ ಕಾಜಿ ಬಿ ಕುಮ್, ಕದ್ ಅಝಲ್‌ನಾಕ ಫ ಕುಮ್.' ಕುಮ್ ಊರಿನ ಕಾಜಿಯೇ, ನಿನ್ನನ್ನು ತೆಗೆದಿದ್ದೇವೆ, ಏಳು. ಅರಬ್ಬಿಯಲ್ಲಿ 'ಕುಮ್' ಅಂದರೆ 'ಏಳು'. ನನ್ನದೇನೂ ತಪ್ಪಿರಲಿಲ್ಲ, ಸಜಅ ನನ್ನ ಕೆಲಸ ಕಳೆಯಿತು ಎಂದು ಪಾಪ ಆ ಕಾಜಿ ಹೇಳಿಕೊಂಡು ತಿರುಗಿದನಂತೆ.

ಇಂಗ್ಲಿಷಿಗೆ ಬಂದಾಗ ಅನುವಾದಕರು ಎರಡು ದಾರಿ ಹಿಡಿದರು. ಅರೇಬಿಯನ್ ನೈಟ್ಸ್ ಅನುವಾದದಲ್ಲಿ ಎಡ್ವರ್ಡ್ ಲೇನ್ ಪ್ರಾಸದ ಗೊಡವೆಗೆ ಹೋಗಲಿಲ್ಲ. 1885ರಲ್ಲಿ ರಿಚರ್ಡ್ ಬರ್ಟನ್ ಹಟ ಹಿಡಿದು ಪ್ರಾಸ ಉಳಿಸಿದ, ಅದಕ್ಕಾಗಿ ಹಳೆಯ ವಿಚಿತ್ರ ಪದಗಳನ್ನೆಲ್ಲ ಎಳೆದು ತಂದ.

ನಮ್ಮ ಹಾರೈಕೆಯನ್ನೇ ತೆಗೆದುಕೊಳ್ಳೋಣ. ಪ್ರಾಸವೇ ಬೇಕೆಂದರೆ 'ಯುವರ್ ಹಜ್ ಬಿ ಬ್ಲೆಸ್ಡ್, ಯುವರ್ ಎಫರ್ಟ್ ದ ಬೆಸ್ಟ್, ಯುವರ್ ಸಿನ್ಸ್ ಅಟ್ ರೆಸ್ಟ್' ಅನ್ನಬಹುದು. ಜೋರಾಗಿ ಓದಿ ನೋಡಿ, ಸೋಪಿನ ಜಾಹೀರಾತು ಅನ್ನಿಸುವುದಿಲ್ವಾ? ಅರ್ಥವೂ ಜಾರಿತು: ಶ್ರಮಕ್ಕೆ ಫಲ ಸಿಗಲಿ ಎಂಬುದು ಮಾಯ. ಗದ್ಯದಲ್ಲಿ ಮೇಲಿಂದ ಮೇಲೆ ಪ್ರಾಸ ಬಂದರೆ ಇಂಗ್ಲಿಷ್ ಕಿವಿಗೆ ಮಕ್ಕಳ ಪದ್ಯವೋ ತಮಾಷೆಯೋ ಅನ್ನಿಸಿಬಿಡುತ್ತದೆ.

ಹಾಗಾದರೆ ಉಳಿಸಬೇಕಾದ್ದು ಯಾವುದು? 13ನೇ ಶತಮಾನದ ವಿಮರ್ಶಕ ಜಿಯಾಉದ್ದೀನ್ ಇಬ್ನುಲ್ ಅಸೀರ್ ತುಂಡುಗಳ ಅಳತೆಗೆ ಮೊದಲ ಬೆಲೆ ಕೊಟ್ಟ. ತುಂಡುಗಳು ಸಮನಾಗಿದ್ದರೆ ಉತ್ತಮ, ಎರಡನೆಯದು ತುಸು ಉದ್ದವಾದರೂ ಸರಿ, ತೀರಾ ಗಿಡ್ಡವಾದರೆ ಕೇಳುವವನು ಮೆಟ್ಟಿಲು ತಪ್ಪಿದಂತೆ ಮುಗ್ಗರಿಸುತ್ತಾನೆ. ಈ ಅಳತೆಯನ್ನು ಇಂಗ್ಲಿಷಿಗೆ ಒಯ್ಯಬಹುದು: 'ಹಜ್ ಅಕ್ಸೆಪ್ಟೆಡ್, ಎಫರ್ಟ್ ರಿವಾರ್ಡೆಡ್, ಸಿನ್ಸ್ ಫರ್ಗಿವನ್.' ಅಲ್ಲೂ ಆರು ಪದ, ಇಲ್ಲೂ ಆರು. ಪೂರ್ತಿ ಪ್ರಾಸವಿಲ್ಲ, ಆದರೆ ಮೂರು ಪೆಟ್ಟು ಸರಿಯಾಗಿ ಬೀಳುತ್ತವೆ. ಭಾಷಣ ಅನುವಾದಿಸುವವರು 'ಮೇ ಯುವರ್ ಪಿಲ್‌ಗ್ರಿಮೇಜ್ ಬಿ ಅಕ್ಸೆಪ್ಟೆಡ್ ಬೈ ಗಾಡ್' ಎಂದು ಬಿಡಿಸಿ ಹೇಳಲು ಹೋದರೆ ಮೊದಲ ತುಂಡಿನಲ್ಲೇ ಉಸಿರು ಮುಗಿಯುತ್ತದೆ.

ಆದರೆ ಪ್ರಾಸವೇ ಮಾತಿನ ತಿರುಳಾಗಿದ್ದರೆ ಅಳತೆಯೊಂದೇ ಸಾಲದು. ಆ ಕಾಜಿಯ ಪತ್ರದಲ್ಲಿ ಪ್ರಾಸ ಹೋದರೆ ಕತೆಯೇ ಹೋಗುತ್ತದೆ. ಅಲ್ಲಿ ಅರ್ಥವನ್ನು ಸ್ವಲ್ಪ ಬಾಗಿಸಲೇಬೇಕು. ಪುಣ್ಯಕ್ಕೆ ಆ ಊರನ್ನು ಪರ್ಷಿಯನ್ನರು 'ಕೋಮ್' ಅನ್ನುತ್ತಾರೆ. 'ಏಳು' ಎಂಬುದನ್ನು 'ಮನೆಗೆ ಹೋಗು' ಮಾಡಿದರೆ ಕೆಲಸ ಆಯಿತು: 'ಜಡ್ಜ್ ಆಫ್ ಕೋಮ್, ಯು ಆರ್ ಸ್ಯಾಕ್ಡ್, ಗೋ ಹೋಮ್.'