ತಳವಾರ ಎಂಬ ಅಡ್ಡಹೆಸರು ಹೇಳುವುದೆಷ್ಟು?

ಉತ್ತರ ಕರ್ನಾಟಕದಲ್ಲಿ ತಳವಾರ ಎಂಬ ಅಡ್ಡಹೆಸರಿನ ಎರಡು ಮನೆತನಗಳು ನೆಂಟರಾಗಿರಬೇಕಿಲ್ಲ, ಒಂದೇ ಜಾತಿಯವರೂ ಆಗಿರಬೇಕಿಲ್ಲ. 2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ತಳವಾರ, ಪರಿವಾರ ಎರಡನ್ನೂ ಸೇರಿಸಿತು. ಆಮೇಲೆ ಈ ಹೆಸರಿನವರಲ್ಲಿ ಯಾರಿಗೆ ಪ್ರಮಾಣಪತ್ರ ಸಿಗಬೇಕು ಎಂಬ ಜಗಳ ಶುರುವಾಯಿತು.

ಇದರ ಬೇರು ವತನ ಪದ್ಧತಿಯಲ್ಲಿದೆ. ಆದಿಲ್‌ಶಾಹಿ, ಮರಾಠರು, ಬ್ರಿಟಿಷರು ಎಂದು ಆಳುವವರು ಬದಲಾದರೂ ಊರಿನ ಹುದ್ದೆಗಳು ಉಳಿದವು. ಗೌಡ ಅಥವಾ ಪಾಟೀಲ ಊರಿನ ಮುಖ್ಯಸ್ಥ, ಕುಲಕರ್ಣಿ ಲೆಕ್ಕ ಬರೆಯುವವನು, ವಾಲೀಕಾರ ಓಲೆ ಒಯ್ಯುವವನು. ತಳವಾರ ಊರು ಕಾಯುವವನು. ರಾತ್ರಿ ಗಸ್ತು ತಿರುಗುವುದು, ಕಳ್ಳರ ಜಾಡು ಹಿಡಿಯುವುದು ಅವನ ಕೆಲಸ. ಇದಕ್ಕೆ ಸಂಬಳದ ಬದಲು ಇನಾಮು ಜಮೀನು, ಸುಗ್ಗಿಯಲ್ಲಿ ಆಯ. ತಂದೆಯ ನಂತರ ಮಗನಿಗೆ ಕೆಲಸವೂ ಹೊಲವೂ ಬರುತ್ತಿದ್ದವು. ಒಂದು ಊರಲ್ಲಿ ಬೇಡರ ಮನೆ ಈ ಕೆಲಸ ಹಿಡಿದಿದ್ದರೆ, ಇನ್ನೊಂದರಲ್ಲಿ ಕಬ್ಬಲಿಗರ ಮನೆ. ಹೆಸರು ಮಾತ್ರ ಒಂದೇ.

ಮುಂಬೈ ಸರ್ಕಾರ 1874ರಲ್ಲಿ ವತನ ಕಾಯ್ದೆ ತಂದಾಗ ಇದು ಕಾಗದದ ಮೇಲೆ ಗಟ್ಟಿಯಾಯಿತು. ವತನದಲ್ಲಿ ಪಾಲುಳ್ಳವರ ಹೆಸರು ದಾಖಲಾಯಿತು. ಚಾಕರಿ ಮಾಡುವವನು ಒಬ್ಬನೇ ಇದ್ದರೂ ಅಣ್ಣತಮ್ಮಂದಿರ ಮಕ್ಕಳೆಲ್ಲ ಅದೇ ಹೆಸರು ಹೇಳಿಕೊಂಡರು. ಹೆಸರಿನ ಹಿಂದೆ ಹೊಲದ ಹಕ್ಕಿತ್ತು, ಯಾಕೆ ಬಿಡುತ್ತಾರೆ? ಊರು ಬಿಟ್ಟು ಹೋದ ಕೆಲವರು ಮಾತ್ರ ಬಿಟ್ಟ ಊರಿನ ಹೆಸರಿಟ್ಟುಕೊಂಡರು. ಹಾಗಾಗಿ ಒಂದೇ ಮನೆತನದ ಒಂದು ಕವಲು ತಳವಾರ, ಇನ್ನೊಂದು ಮುಧೋಳ ಆಗಿರಬಹುದು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಚಾಕರಿ ಹೋಯಿತು. ಜಮೀನನ್ನು ಸರ್ಕಾರ ವಶಕ್ಕೆ ಪಡೆದು, ಹಣ ಕಟ್ಟಿಸಿಕೊಂಡು ಹಳೆಯ ವತನದಾರರಿಗೆ ಮರುಮಂಜೂರು ಮಾಡಿತು. ಅಷ್ಟರಲ್ಲಿ ಮಕ್ಕಳು ಶಾಲೆ ಸೇರಿದ್ದರು, ಅಡ್ಡಹೆಸರು ದಾಖಲಾತಿ ಪುಸ್ತಕಕ್ಕೆ ಏರಿತ್ತು. ತೊಡಕು ಬರುವುದು ಇಲ್ಲೇ. ಕೆಲವು ಕಡೆ ಜಾತಿಯ ಕಲಮಿನಲ್ಲೂ ತಳವಾರ ಅಂತಲೇ ಬರೆದುಬಿಟ್ಟರು. ಹುದ್ದೆಯ ಹೆಸರು ಜಾತಿಯಾಗಿ ಕಂಡಿದ್ದು ಹೀಗೆ.

ಹಾಗಾದರೆ ಈಗ ಮನೆತನದ ಮೂಲ ಹುಡುಕುವುದು ಹೇಗೆ? ಒಂದೇ ಕಾಗದ ನಂಬಬಾರದು. ಅಜ್ಜನ ಶಾಲಾ ದಾಖಲೆಯ ಜಾತಿ ಕಲಮು, ಅವನ ಅಣ್ಣತಮ್ಮಂದಿರ ದಾಖಲೆ, ಹೆಣ್ಣು ಕೊಟ್ಟು ತಂದ ಮನೆಗಳು ಇವನ್ನೆಲ್ಲ ಜೊತೆಗಿಟ್ಟು ನೋಡಬೇಕು. ಹೊಲದ ವಾರಸಾ ನೋಂದಣಿಯಲ್ಲಿ ವತನ ಯಾರಿಂದ ಯಾರಿಗೆ ಬಂತು ಎಂದು ಸಿಗುತ್ತದೆ. ಇದು ವಂಶಾವಳಿಗೆ ಒಳ್ಳೆಯ ಆಧಾರ, ಜಾತಿಗೆ ಅಲ್ಲ. ಅಜ್ಜ ಶಾಲೆಯ ಮೆಟ್ಟಿಲನ್ನೇ ಹತ್ತದ ಬಡ ಮನೆಗಳಲ್ಲಿ ಎಷ್ಟೋ ಸಲ ಇದೊಂದೇ ಕಾಗದ ಉಳಿದಿರುತ್ತದೆ. ಹಕ್ಕು ನಿಜವಿದ್ದರೂ ತೋರಿಸಲಾಗದೆ ಪರದಾಡುವವರು ಅವರೇ ಜಾಸ್ತಿ.